ಹೆಸರು ಬದಲಿಸಿದರೆ ಸೀರೆ ಹೊಸದಾಗದು: ಸಪ್ಲೈಯರ್ ಕೊಟ್ಟ ವಿವರಣೆಯನ್ನು ನಿಮ್ಮದಾಗಿ ಬರೆಯುವ ಬಗೆ

ಪ್ರಶ್ನೆ: ನಮಸ್ಕಾರ ಸರ್. ಬಾಗಲಕೋಟ್ಯಾಗ ಮನಿಯಿಂದನ ಸೀರಿ ವ್ಯಾಪಾರ ಮಾಡ್ತೀನ್ರಿ. ಸಪ್ಲೈಯರ್ ಕಳಿಸಿದ ವಿವರಣೆನ ನನ್ನ ವೆಬ್‌ಸೈಟಿಗೆ ಹಾಕತಿದ್ದೆ. ಅದನ್ನ ಇನ್ನೂ ಮೂವತ್ತು-ನಲವತ್ತು ಮಂದಿ ಹಾಕ್ಯಾರ. ಗೂಗಲ್‌ನ್ಯಾಗ ನನ್ನ ಪೇಜ್ ಬರೂದ ಇಲ್ಲ. ಶಬ್ದ ಬದಲಿ ಮಾಡಿ ಮತ್ತ ಬರದೆ, ಆದ್ರೂ ಫರಕ ಆಗಲಿಲ್ಲ. ಎರಡೂ ಬರಹ, ಜೋಡಿ ಒಂದು ಸೀರಿ ಕೊರಿಯರ್ ಮಾಡೀನಿ. ನಂದ ಅನ್ನೂ ಹಂಗ ಹೆಂಗ ಬರೀಬೇಕು? 140 ಸೀರಿ ಅದಾವ, ಎಲ್ಲಾ ಬರ್ಯಾಕ ಆಗತೈತೇನ್ರಿ?

ಉತ್ತರ: ಅಕ್ಕಾರ, ನೀವು ಕಳಿಸಿದ ಸೀರೆ ಮೊನ್ನೆ ಬೆಳಗಾವಿಗೆ ಬಂತು. ನಿಮ್ಮ ಎರಡೂ ಬರಹಗಳನ್ನು ಮೇಜಿನ ಮೇಲಿಟ್ಟುಕೊಂಡು ಸೀರೆಯನ್ನು ಪೂರ್ತಿ ಬಿಚ್ಚಿ ನೋಡಿದ್ದೇನೆ. ಹಾಗಾಗಿ ಸಾಮಾನ್ಯ ಸಲಹೆ ಕೊಡುವ ಬದಲು ಇದೊಂದೇ ಸೀರೆಯನ್ನು ಹಿಡಿದು ಕೊನೆಯವರೆಗೆ ಹೋಗುತ್ತೇನೆ. ಉಳಿದ 139ಕ್ಕೂ ದಾರಿ ಇದೇ.

ಮೊದಲು ಸಪ್ಲೈಯರ್ ಕೊಟ್ಟದ್ದು:

«ಪ್ರೀಮಿಯಂ ಕ್ವಾಲಿಟಿ ಇಳಕಲ್ ಕಾಟನ್ ಸಿಲ್ಕ್ ಸೀರೆ. ಆಕರ್ಷಕ ಕಾಂಟ್ರಾಸ್ಟ್ ಪಲ್ಲು, ಸುಂದರ ಬಾರ್ಡರ್. ಆರ್ಟ್ ಸಿಲ್ಕ್ ಫಿನಿಶ್. ಹಬ್ಬ, ಮದುವೆ, ಆಫೀಸ್ ಎಲ್ಲದಕ್ಕೂ ಸೂಕ್ತ. ಉದ್ದ 6.3 ಮೀಟರ್. ಡ್ರೈ ಕ್ಲೀನ್ ಮಾತ್ರ.»

ಇನ್ನು ನೀವು ಬದಲಿಸಿ ಬರೆದದ್ದು:

«ಅತ್ಯುತ್ತಮ ಗುಣಮಟ್ಟದ ಇಳಕಲ್ ಹತ್ತಿ ರೇಷ್ಮೆ ಸೀರೆ. ಮನಮೋಹಕ ವಿರುದ್ಧ ಸೆರಗು, ಚೆಂದದ ಅಂಚು. ಕಲಾತ್ಮಕ ರೇಷ್ಮೆಯ ಮೆರುಗು. ಎಲ್ಲ ಶುಭ ಸಮಾರಂಭಗಳಿಗೂ ಹೊಂದುತ್ತದೆ. ಉದ್ದ 6.3 ಮೀಟರ್. ಡ್ರೈ ಕ್ಲೀನ್ ಮಾತ್ರ.»

ನೀವು ಶ್ರಮಪಟ್ಟಿದ್ದೀರಿ, ಕೊನೆಯ ಎರಡು ಸಾಲು ಬಿಟ್ಟರೆ ಬಹುತೇಕ ಶಬ್ದಗಳನ್ನು ಬದಲಿಸಿದ್ದೀರಿ. ಆದರೆ «ಕಲಾತ್ಮಕ ರೇಷ್ಮೆ» ಅಂದಿರಲ್ಲ, ಅಲ್ಲಿ ನಿಲ್ಲೋಣ. ಆರ್ಟ್ ಸಿಲ್ಕ್‌ನಲ್ಲಿರುವ «ಆರ್ಟ್» ಕಲೆ ಅಲ್ಲ, ಅದು «ಆರ್ಟಿಫಿಶಿಯಲ್» ಎಂಬುದನ್ನು ತುಂಡು ಮಾಡಿದ್ದು. ಅಂದರೆ ಕೃತಕ ರೇಷ್ಮೆ, ಹೆಚ್ಚಾಗಿ ರೇಯಾನ್ ನೂಲು. ನಮ್ಮ ಕಡೆ ಇದನ್ನು ಚಮಕಾ ಅನ್ನುವವರೂ ಇದ್ದಾರೆ. ಸಪ್ಲೈಯರ್ ಅರ್ಧ ಮುಚ್ಚಿ ಹೇಳಿದ ಸತ್ಯ ನಿಮ್ಮ ಕೈಗೆ ಬಂದು ಸುಳ್ಳಾಯಿತು. ಓದಿದ ಗಿರಾಕಿ ರೇಷ್ಮೆ ಎಂದೇ ತಿಳಿಯುತ್ತಾಳೆ. ಸೀರೆ ಕೈಗೆ ಬಂದ ದಿನ ಹಿಂದಕ್ಕೆ ಕಳಿಸುತ್ತಾಳೆ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ವಿವರಣೆಗೂ ಮಾಲಿಗೂ ಹೊಂದಿಕೆ ಇರಬೇಕಾದದ್ದು ಮಾರುವವರ ಹೊಣೆ. «ಸಪ್ಲೈಯರ್ ಹಂಗ ಬರದಿದ್ದ» ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಈ ಪೆಟ್ಟು ನಾನೂ ತಿಂದಿದ್ದೇನೆ. ವರ್ಷಗಳ ಹಿಂದೆ ಒಂದು ಅಂಗಡಿಗೆ ವಿವರಣೆ ಬರೆಯುವಾಗ ಸಪ್ಲೈಯರ್ ಚೀಟಿಯಲ್ಲಿದ್ದ «ಸಾಫ್ಟ್ ಸಿಲ್ಕ್» ಎಂಬುದನ್ನು ಮಾಲು ನೋಡದೆಯೇ «ಮೃದುವಾದ ರೇಷ್ಮೆ» ಎಂದು ಬರೆದುಬಿಟ್ಟೆ. ಅದು ಪಾಲಿಯೆಸ್ಟರ್ ಆಗಿತ್ತು. ಮಗಳ ಸೀಮಂತಕ್ಕೆಂದು ಕೊಂಡಿದ್ದ ತಾಯಿಯೊಬ್ಬರು ಫೋನಿನಲ್ಲಿ ಅತ್ತುಬಿಟ್ಟರು. ಅಂದಿನಿಂದ ಮಾಲು ಮುಟ್ಟದೆ ನಾನು ಒಂದು ಸಾಲನ್ನೂ ಬರೆದಿಲ್ಲ.

ನೀವು ಶಬ್ದ ಬದಲಿಸಿದರೂ ಗೂಗಲ್‌ನಲ್ಲಿ ಏಕೆ ಫರಕು ಬೀಳಲಿಲ್ಲ ಎಂಬುದಕ್ಕೂ ಕಾರಣ ಇದರ ಹತ್ತಿರವೇ ಇದೆ. ಒಂದೇ ಬರಹ ಹತ್ತು ಕಡೆ ಇದ್ದರೆ ಗೂಗಲ್ ಶಿಕ್ಷೆ ಕೊಡುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಅಂಥ ಶಿಕ್ಷೆ ಇಲ್ಲ ಎಂದು ಗೂಗಲ್ ಬಹಿರಂಗವಾಗಿಯೇ ಹೇಳಿದೆ. ಅದು ಮಾಡುವುದು ಇಷ್ಟೆ: ಒಂದೇ ತೆರನಾದ ಪುಟಗಳನ್ನು ಗುಂಪು ಮಾಡಿ, ಅವುಗಳಲ್ಲಿ ಒಂದನ್ನು ಆರಿಸಿ ತೋರಿಸುತ್ತದೆ, ಉಳಿದವನ್ನು ಹಿಂದಕ್ಕೆ ಸರಿಸುತ್ತದೆ. ಮೂವತ್ತು-ನಲವತ್ತು ಮಂದಿಯಲ್ಲಿ ಹಳೆಯದೋ ದೊಡ್ಡದೋ ಆದ ಸೈಟಿಗೆ ಆ ಜಾಗ ಸಿಗುತ್ತದೆ, ಮೊನ್ನೆ ಮೊನ್ನೆ ಶುರುವಾದ ನಿಮ್ಮ ಸೈಟಿಗಲ್ಲ. ಶಬ್ದಗಳನ್ನು ಬದಲಿಸಿದ ಮೇಲೆ ನೀವು ಆ ಗುಂಪಿನಿಂದ ಹೊರಗೆ ಬಂದಿರಬಹುದು. ಆದರೆ ಹುಡುಕುವವಳಿಗೆ ನಿಮ್ಮ ಪುಟದಲ್ಲಿ ಉಳಿದವರು ಹೇಳದ ಒಂದು ಸಂಗತಿಯೂ ಸಿಗುವುದಿಲ್ಲ. ಅದನ್ನು ಮೇಲೆ ತರಲು ಗೂಗಲ್‌ಗೆ ಯಾವ ಕಾರಣವೂ ಇಲ್ಲ.

ಹಾಗಾಗಿ ಬರೆಯಲು ಕೂರುವ ಮುಂಚೆ ಸೀರೆಯಿಂದ ಹೊಸ ಸಂಗತಿ ತೆಗೆಯಬೇಕು. ನಾನು ಮಾಡಿದ್ದನ್ನು ಹೇಳುತ್ತೇನೆ. ಬೇಕಾದದ್ದು ಅಳತೆ ಟೇಪು, ಅಡುಗೆಮನೆಯ ತಕ್ಕಡಿ, ಕಡ್ಡಿಪೆಟ್ಟಿಗೆ, ಇಕ್ಕಳ, ಸ್ಟೀಲ್ ತಟ್ಟೆ, ಒಂದು ಬಿಳಿ ಕರವಸ್ತ್ರ.

ಮೊದಲು ಅಳತೆ. ಸೀರೆಯನ್ನು ಎಳೆಯದೆ ನೆಲದ ಮೇಲೆ ಹಾಸಿ ಅಳೆದೆ. ಒಟ್ಟು 6.18 ಮೀಟರ್ ಬಂತು, 6.3 ಅಲ್ಲ. ಕೊನೆಯಲ್ಲಿ ಕತ್ತರಿಸಲೆಂದು ಬಿಟ್ಟ ಗೆರೆಯಿದೆ. ಅಲ್ಲಿಯವರೆಗೆ ಸೀರೆ 5.42 ಮೀಟರ್, ಆಮೇಲೆ ಬ್ಲೌಸ್ ಪೀಸ್ 76 ಸೆಂಟಿಮೀಟರ್. ಇದು ಗಿರಾಕಿಗೆ ಬಹಳ ಮುಖ್ಯ. ಹಳೆಯ ಪದ್ಧತಿಯಲ್ಲಿ ಇಳಕಲ್ ಸೀರೆಗೆ ಬ್ಲೌಸ್ ಪೀಸ್ ಬರುವುದಿಲ್ಲ, ಅದರ ಮೇಲೆ ಗುಳೇದಗುಡ್ಡದ ಖಣ ತೊಡುವುದೇ ನಮ್ಮ ಕಡೆಯ ರೂಢಿ. ಈಗಿನ ಸೀರೆಗಳಲ್ಲಿ ಕೆಲವಕ್ಕೆ ಪೀಸ್ ಇದೆ, ಕೆಲವಕ್ಕಿಲ್ಲ. ಬರೀ «6.3 ಮೀಟರ್» ಎಂದು ಓದಿದವಳಿಗೆ ಅದು ಪೀಸ್ ಸೇರಿಸಿಯೋ ಬಿಟ್ಟೋ ತಿಳಿಯುವುದಿಲ್ಲ. ಇನ್ನು, ಹಿರಿಯರಿಗೆ ಉಡಲು ಎಂಟು-ಒಂಬತ್ತು ಗಜದ ಸೀರೆ ಹುಡುಕುವವರೂ ಇದ್ದಾರೆ. ಇದು ಆರು ಗಜದ್ದು, ಕಚ್ಚೆ ಹಾಕಿ ಉಡಲು ಸಾಲದು ಎಂದು ನೇರವಾಗಿ ಬರೆದರೆ ಒಂದು ರಿಟರ್ನ್ ಉಳಿಯುತ್ತದೆ.

ಅಗಲ 116 ಸೆಂಟಿಮೀಟರ್, ತೂಕ 460 ಗ್ರಾಂ. ತೂಕವನ್ನು ಬರೆಯುವವರು ಕಡಿಮೆ, ಆದರೆ ದಿನವಿಡೀ ಉಟ್ಟುಕೊಳ್ಳುವ ಟೀಚರ್‌ಗೆ, ಬ್ಯಾಂಕಿನಲ್ಲಿ ಕೆಲಸ ಮಾಡುವವಳಿಗೆ ಅದೊಂದು ಅಂಕಿಯಿಂದಲೇ ಸೀರೆ ಹೇಗಿದ್ದೀತು ಎಂಬ ಅಂದಾಜು ಸಿಗುತ್ತದೆ.

ಆಮೇಲೆ ಸೆರಗು. ಸಪ್ಲೈಯರ್ «ಕಾಂಟ್ರಾಸ್ಟ್ ಪಲ್ಲು» ಅಂದಿದ್ದಾನೆ, ನೀವು «ವಿರುದ್ಧ ಸೆರಗು» ಮಾಡಿದ್ದೀರಿ. ಎರಡರಲ್ಲೂ ಸೆರಗು ಕಣ್ಣಿಗೆ ಕಾಣುವುದಿಲ್ಲ. ಈ ಸೀರೆಯ ಒಡಲು ನವಿಲು ಹಸಿರು. ಸೆರಗು ಕೆಂಪು, 62 ಸೆಂಟಿಮೀಟರ್ ಉದ್ದ. ಅದರಲ್ಲಿ ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ ಪಟ್ಟೆ, ಪಟ್ಟೆಯ ಅಂಚಿನಲ್ಲಿ ಜೋಳದ ತೆನೆಯಂಥ ಮೊನೆಗಳು. ಇದಕ್ಕೆ ಹೆಸರೇ ಇದೆ, ಟೋಪು ತೆನೆ. ನಿಮ್ಮ ಬಾಗಲಕೋಟೆಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಮೊನೆಗಳು ಬಾಚಣಿಗೆಯ ಹಲ್ಲಿನ ಹಾಗಿದ್ದರೆ ಹಣಿಗೆ, ಕೋಟೆಯ ತೆನೆಯ ಹಾಗಿದ್ದರೆ ಕೋಟೆ ಕಮ್ಮಲಿ. ದಡಿಗೂ ಹೆಸರುಗಳಿವೆ: ಗೋಮಿ, ಪರಾಸ್, ಗಾಡಿ. ನಿಮ್ಮ ಸೀರೆಯದು ಗೋಮಿ, ಒಂದೊಂದು ಬದಿ 9 ಸೆಂಟಿಮೀಟರ್. ಈ ಹೆಸರುಗಳನ್ನು ಎಲ್ಲೋ ದೂರದಲ್ಲಿ ಕೂತು ನೂರಾರು ಬಗೆಯ ಸೀರೆಗೆ ಒಂದೇ ಕ್ಯಾಟಲಾಗ್ ಮಾಡುವವನು ಬರೆಯುವುದಿಲ್ಲ, ಅವನಿಗೆ ಎಲ್ಲವೂ «ಸುಂದರ ಬಾರ್ಡರ್». ಆದರೆ ಕೊಳ್ಳುವವರು ಹುಡುಕುವುದು ಈ ಹೆಸರುಗಳಿಂದಲೇ. ನೀವು ಇಳಕಲ್ ಸೀರೆಯ ಜಿಲ್ಲೆಯಲ್ಲೇ ಇದ್ದೀರಿ. ಒಂದು ಹೆಸರಿನ ಬಗ್ಗೆ ಅನುಮಾನ ಬಂದರೆ ಬಸ್ಸು ಹತ್ತಿ ಹೋಗಿ ನೇಕಾರರ ಎದುರಿಗೆ ಸೀರೆ ಹಾಸಿ ಕೇಳಬಹುದು. ನಿಮ್ಮೊಂದಿಗೆ ಪೈಪೋಟಿಗಿಳಿದ ದೂರದ ಊರಿನವರಿಗೆ ಆ ಅನುಕೂಲ ಇಲ್ಲ.

ಸೆರಗಿನಲ್ಲಿ ಇನ್ನೊಂದನ್ನು ನೋಡಬೇಕು. ಇಳಕಲ್ ನೇಯ್ಗೆಯ ವಿಶೇಷವೆಂದರೆ ಒಡಲಿನ ಹಾಸು ನೂಲಿಗೂ ಸೆರಗಿನ ಹಾಸು ನೂಲಿಗೂ ಕೊಂಡಿ ಹಾಕಿ ಸೇರಿಸುವುದು. ಹಾಗಾಗಿ ಸೆರಗಿನಲ್ಲಿ ಉದ್ದಕ್ಕೆ ಹೋಗುವ ನೂಲೂ ಕೆಂಪಾಗಿಯೇ ಇರುತ್ತದೆ, ಒಡಲಿನ ಬಣ್ಣ ಅಲ್ಲಿಗೆ ನುಸುಳುವುದಿಲ್ಲ. ಸೆರಗಿನ ತುದಿಯ ಕುಚ್ಚಿನ ನೂಲು ನೋಡಿ. ಕೆಂಪಿದ್ದರೆ ಹಾಸು ಬದಲಾಗಿದೆ. ಒಡಲಿನ ಹಸಿರೇ ಅಲ್ಲಿಯವರೆಗೆ ಬಂದಿದ್ದರೆ ಕೊಂಡಿ ಹಾಕಿಲ್ಲ. ಸೀರೆಯನ್ನು ತಿರುವಿ, ಒಡಲು ಮುಗಿದು ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿದರೆ ಕೊಂಡಿಯ ಸಣ್ಣ ಉಬ್ಬು ಸಿಗುತ್ತದೆ. ನಿಮ್ಮ ಸೀರೆಯಲ್ಲಿ ಎರಡೂ ಇವೆ. ಇದನ್ನು ಫೋಟೋ ತೆಗೆದು ಹಾಕಿ, ಒಂದು ಸಾಲಿನಲ್ಲಿ ವಿವರಿಸಿ. ಆದರೆ ಕೊಂಡಿ ಇದೆ ಎಂಬುದೊಂದರಿಂದ «ಕೈಮಗ್ಗ» ಎಂದು ಬರೆಯಬೇಡಿ. ಆ ಮಾತಿಗೆ ಹ್ಯಾಂಡ್‌ಲೂಮ್ ಮಾರ್ಕ್ ಲೇಬಲ್ಲೋ, ಸಪ್ಲೈಯರ್ ಬಿಲ್ಲಿನಲ್ಲೇ ಬರೆದುಕೊಟ್ಟದ್ದೋ ಇರಬೇಕು. ನಿಮ್ಮ ಪತ್ರದ ಜೊತೆಗಿದ್ದ ಬಿಲ್ಲಿನಲ್ಲಿ ಇಳಕಲ್ಲಿನಲ್ಲಿ ನೇಯ್ದದ್ದು ಎಂದಿದೆ, ಮಗ್ಗದ ಮಾತಿಲ್ಲ. ಹಾಗಾಗಿ ಕೆಳಗಿನ ವಿವರಣೆಯಲ್ಲಿ ಆ ಶಬ್ದವನ್ನು ನಾನು ಬಳಸಿಲ್ಲ.

ಇನ್ನು ನೂಲು. ಇದಕ್ಕೆ ಸುಡುವ ಪರೀಕ್ಷೆ. ಒಡಲಿನ ತುದಿಯಿಂದ ಉದ್ದದ ಒಂದು ಎಳೆ, ಅಡ್ಡದ ಒಂದು ಎಳೆ, ಸೆರಗಿನಿಂದ ಒಂದು, ದಡಿಯ ಜರಿಯಿಂದ ಒಂದು, ಹೀಗೆ ನಾಲ್ಕನ್ನು ಬೇರೆ ಬೇರೆಯಾಗಿ ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಜ್ಜಿದರೆ ಪುಡಿಯಾಗುವ ಕರಿ ಬೂದಿ ಉಳಿಯಬೇಕು. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದು ಬೂದಿ ಬಿಡುತ್ತದೆ. ನಿಮ್ಮ ಸೀರೆಯ ಒಡಲು, ಸೆರಗು ಎರಡರ ಎಳೆಗಳೂ ಕಾಗದದ ಹಾಗೆ ಉರಿದವು. ಕೂದಲ ವಾಸನೆ ಎಲ್ಲೂ ಬರಲಿಲ್ಲ, ಅಂದರೆ ರೇಷ್ಮೆ ಇಲ್ಲವೇ ಇಲ್ಲ. ಜರಿ ಕರಗಿ ಮಣಿಯಾಯಿತು, ಅದು ಪ್ಲಾಸ್ಟಿಕ್ ಜರಿ.

ಇಲ್ಲೇ ಮೋಸಹೋಗುವ ಒಂದು ಜಾಗ ಇದೆ. ರೇಯಾನ್ ಕೂಡ ಹತ್ತಿಯ ಹಾಗೆಯೇ ಉರಿಯುತ್ತದೆ, ಎರಡರ ಮೂಲದ್ರವ್ಯವೂ ಸೆಲ್ಯುಲೋಸ್. ಬೆಂಕಿಯಿಂದ ಎರಡನ್ನು ಬೇರೆ ಮಾಡಲು ಬಾರದು, ನೀರಿನಿಂದ ಬರುತ್ತದೆ. ಒಂದೊಂದು ಎಳೆಯನ್ನು ನೀರಿನಲ್ಲಿ ಅದ್ದಿ ಎಳೆಯಿರಿ. ಹತ್ತಿಯ ಎಳೆ ಒದ್ದೆಯಾದಾಗ ಇನ್ನಷ್ಟು ಗಟ್ಟಿ. ರೇಯಾನ್ ಒದ್ದೆಯಾದರೆ ಬಲ ಕಳೆದುಕೊಂಡು ಸುಲಭವಾಗಿ ಕಡಿಯುತ್ತದೆ. ಒಡಲಿನ ಉದ್ದದ ಎಳೆ ಗಟ್ಟಿಯಾಗಿ ನಿಂತಿತು. ಅಡ್ಡದ ಎಳೆ, ಸೆರಗಿನ ಎಳೆ ಎರಡೂ ಪಟ್ಟನೆ ಕಡಿದವು. ಹಾಗಾದರೆ ಒಡಲಿನ ಹಾಸು ಹತ್ತಿ, ಹೊಕ್ಕು ಆರ್ಟ್ ಸಿಲ್ಕ್, ಸೆರಗು ಆರ್ಟ್ ಸಿಲ್ಕ್. ಸಪ್ಲೈಯರ್‌ನ «ಕಾಟನ್ ಸಿಲ್ಕ್»ನಲ್ಲಿ ಸಿಲ್ಕ್ ಎಂಬುದು ಬಂದದ್ದು ಇಲ್ಲಿಂದ.

ಇದು ಮನೆಯ ಪರೀಕ್ಷೆ, ಪ್ರಯೋಗಾಲಯದ್ದಲ್ಲ. ಎರಡು ಬಗೆಯ ನೂಲನ್ನು ಒಂದೇ ಎಳೆಯಲ್ಲಿ ಹೊಸೆದಿದ್ದರೆ ಹೀಗೆ ಪತ್ತೆಯಾಗುವುದಿಲ್ಲ. ಆದ್ದರಿಂದ ಪರೀಕ್ಷೆ ಮಾಡಿದ ಮೇಲೆ ಸಪ್ಲೈಯರ್‌ಗೆ ವಾಟ್ಸಾಪಿನಲ್ಲಿ ಬರಹದಲ್ಲಿ ಕೇಳಿ: ಹಾಸು ಯಾವ ನೂಲು, ಹೊಕ್ಕು ಯಾವ ನೂಲು, ಸೆರಗು ಯಾವ ನೂಲು. «ಪ್ಯೂರ್ ಐತೋ ಇಲ್ಲೋ» ಎಂದು ಕೇಳಿದರೆ ಎಲ್ಲರೂ ಐತಿ ಅಂತಲೇ ಅನ್ನುತ್ತಾರೆ. ಹಾಸು-ಹೊಕ್ಕು ಬಿಡಿಸಿ ಕೇಳಿದರೆ, ನಿಮಗೆ ತಿಳಿದಿದೆ ಎಂದು ಗೊತ್ತಾಗಿ ಸರಿಯಾಗಿ ಹೇಳುತ್ತಾರೆ. ಉತ್ತರ ನಿಮ್ಮ ಪರೀಕ್ಷೆಗೆ ಹೊಂದಿದರೆ ಬರೆಯಿರಿ. ಹೊಂದದಿದ್ದರೆ ಎರಡರಲ್ಲಿ ಕಡಿಮೆ ಬೆಲೆಯ ನೂಲಿನ ಹೆಸರನ್ನೇ ಬರೆಯಿರಿ.

ಕೊನೆಗೆ ಒಗೆತ. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಸೆರಗಿನ ಕೆಂಪಿನ ಮೇಲೆ ಇಪ್ಪತ್ತು ಸಲ ಉಜ್ಜಿದೆ. ತಿಳಿಗುಲಾಬಿ ಬಣ್ಣ ಹತ್ತಿತು. ಒಡಲಿನ ಹಸಿರು ಬಿಡಲಿಲ್ಲ. ಕೆಂಪು ಸೆರಗಿನ ಮಗ್ಗುಲಿಗೇ ಬಿಳಿ ಪಟ್ಟೆ ಇರುವ ಸೀರೆ ಇದು. ನೆನೆಸಿಟ್ಟರೆ ಬಿಳಿ ಗುಲಾಬಿಯಾಗುತ್ತದೆ. ಸಪ್ಲೈಯರ್ «ಡ್ರೈ ಕ್ಲೀನ್ ಮಾತ್ರ» ಎಂದು ಬರೆದದ್ದು ತನ್ನ ಮೈಮೇಲೆ ಬರದಿರಲಿ ಎಂದು. ಆದರೆ ಇಲ್ಲಿ ಅದು ಸರಿಯೇ. ನೀವೇ ಒಂದು ಸೀರೆ ಒಗೆದು ನೋಡುವ ತನಕ ಆ ಸಾಲನ್ನು ಸಡಿಲಿಸಬೇಡಿ, ಆದರೆ ಅದರ ಕಾರಣವನ್ನು ಹೇಳಿ. ಕಾರಣ ಗೊತ್ತಿದ್ದವರು ಪಾಲಿಸುತ್ತಾರೆ.

ಇಷ್ಟಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. ಬರೆಯುವ ಮುಂಚೆ ಇನ್ನೊಂದು ಕೆಲಸ ಮಾಡಿ: ನಿಮ್ಮ ವಾಟ್ಸಾಪ್ ತೆರೆದು, ಹಿಂದಿನ ಗಿರಾಕಿಗಳು ಕೊಳ್ಳುವ ಮುಂಚೆ ಏನು ಕೇಳಿದ್ದರು ಎಂದು ನೋಡಿ. «ಅಕ್ಕಾರ, ಸೆರಗ ಎಷ್ಟ ಉದ್ದ ಐತ್ರಿ?» «ಪೀಸ್ ಬರತೈತೇನ್ರಿ?» «ನೀರಾಗ ಹಾಕಿದ್ರ ಬಣ್ಣ ಬಿಡತೈತೇನು?» «ಫೋಟೋದಾಗಿನ ಹಸರ, ಕೈಯಾಗ ಬಂದ ಮ್ಯಾಲೂ ಹಂಗ ಇರತೈತೇನ್ರಿ?» ನಿಮ್ಮ ವಿವರಣೆಯ ಸಾಲುಗಳು ಯಾವ ಕ್ರಮದಲ್ಲಿ ಬರಬೇಕು ಎಂಬುದನ್ನು ಈ ಪ್ರಶ್ನೆಗಳೇ ಹೇಳುತ್ತವೆ. ಹೆಚ್ಚು ಸಲ ಬಂದ ಪ್ರಶ್ನೆಯ ಉತ್ತರ ಮೇಲೆ, ಅಪರೂಪಕ್ಕೆ ಬಂದದ್ದರ ಉತ್ತರ ಕೆಳಗೆ. ಫೋನಿನಲ್ಲಿ ಸ್ಕ್ರಾಲ್ ಮಾಡದೆ ಕಾಣುವುದು ಮೊದಲಿನ ಎರಡು-ಮೂರು ಸಾಲು ಮಾತ್ರ. ಅಲ್ಲಿ «ಪ್ರೀಮಿಯಂ ಕ್ವಾಲಿಟಿ»ಗೆ ಜಾಗ ಕೊಡಬೇಡಿ.

ಈಗ ನಾನು ಬರೆದದ್ದು:

«ಇಳಕಲ್ ಸೀರೆ: ನವಿಲು ಹಸಿರು ಒಡಲು, ಕೆಂಪು ಟೋಪು ತೆನೆ ಸೆರಗು, ಗೋಮಿ ದಡಿ (ಹತ್ತಿ ಮತ್ತು ಆರ್ಟ್ ಸಿಲ್ಕ್)

ಆರು ಗಜದ ಸೀರೆ. ಸೀರೆ 5.42 ಮೀಟರ್, ಅದರ ಜೊತೆಗೆ 76 ಸೆಂಟಿಮೀಟರ್ ಬ್ಲೌಸ್ ಪೀಸ್ ಬೇರೆ ಇದೆ. ಕಚ್ಚೆ ಸೀರೆಗೆ ಈ ಉದ್ದ ಸಾಲುವುದಿಲ್ಲ. ತೂಕ 460 ಗ್ರಾಂ, ದಿನವಿಡೀ ಉಟ್ಟರೂ ಭಾರವೆನಿಸದು.

ಒಡಲಿನ ಹಾಸು ಹತ್ತಿ, ಹೊಕ್ಕು ಆರ್ಟ್ ಸಿಲ್ಕ್. ಸೆರಗೂ ಆರ್ಟ್ ಸಿಲ್ಕ್, ಅಂದರೆ ಹೊಳಪಿರುವ ಕೃತಕ ನೂಲು. ಇದು ರೇಷ್ಮೆ ಸೀರೆ ಅಲ್ಲ. ದಡಿಯ ಜರಿ ಪ್ಲಾಸ್ಟಿಕ್‌ನದು.

ಸೆರಗು 62 ಸೆಂಟಿಮೀಟರ್: ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ, ಅಂಚಿನಲ್ಲಿ ಜೋಳದ ತೆನೆಯ ಮೊನೆ. ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸಿದ್ದಾರೆ, ಸೀರೆ ತಿರುವಿದರೆ ಜೋಡಣೆಯ ಗೆರೆ ಕಾಣುತ್ತದೆ (ನಾಲ್ಕನೆಯ ಫೋಟೋ). ದಡಿ ಪ್ರತಿ ಬದಿ 9 ಸೆಂಟಿಮೀಟರ್.

ಒದ್ದೆ ಬಟ್ಟೆಯಿಂದ ಉಜ್ಜಿದಾಗ ಸೆರಗಿನ ಕೆಂಪು ಸ್ವಲ್ಪ ಬಿಟ್ಟಿತು, ಹಸಿರು ಬಿಡಲಿಲ್ಲ. ಬಿಳಿ ಪಟ್ಟೆಗೆ ಕೆಂಪು ಹತ್ತದಿರಲು ಡ್ರೈ ಕ್ಲೀನ್ ಮಾಡಿಸಿ. ಆರ್ಟ್ ಸಿಲ್ಕ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ಹಿಂಡಬೇಡಿ.

ಫೋಟೋಗಳನ್ನು ಬೆಳಗಿನ ಬೆಳಕಿನಲ್ಲಿ ಕಿಟಕಿಯ ಹತ್ತಿರ ತೆಗೆದಿದ್ದೇವೆ, ಬಣ್ಣ ತಿದ್ದಿಲ್ಲ.»

ಇದರಲ್ಲಿ «ಮನಮೋಹಕ» ಇಲ್ಲ, «ಅತ್ಯುತ್ತಮ» ಇಲ್ಲ. ಬೇರೆಯವರ ಯಾವ ಪುಟಕ್ಕೂ ಇದು ಹೋಲುವುದಿಲ್ಲ, ಏಕೆಂದರೆ ಈ ಸೀರೆಯನ್ನು ಅವರು ಬಿಚ್ಚಿಯೇ ಇಲ್ಲ. «ಇದು ರೇಷ್ಮೆ ಸೀರೆ ಅಲ್ಲ» ಎಂದು ಬರೆದರೆ ಮಾರಾಟ ಬೀಳುತ್ತದೆ ಎಂಬ ಹೆದರಿಕೆ ನಿಮಗೆ ಬರಬಹುದು. ನಾನು ಬರೆದುಕೊಟ್ಟ ಅಂಗಡಿಗಳಲ್ಲಿ ಕಂಡದ್ದು ಹೀಗೆ: ವಿಚಾರಿಸಿ ಸುಮ್ಮನಾಗುವವರು ಕಡಿಮೆಯಾಗುತ್ತಾರೆ, ಕೊಂಡು ಹಿಂದಕ್ಕೆ ಕಳಿಸುವವರು ಇನ್ನೂ ಕಡಿಮೆಯಾಗುತ್ತಾರೆ. ಎರಡೂ ಕಡೆಯ ಕೊರಿಯರ್ ಖರ್ಚು ನಿಮ್ಮ ತಲೆಯ ಮೇಲೆಯೇ ಬೀಳುವ ವ್ಯಾಪಾರದಲ್ಲಿ ಎರಡನೆಯದೇ ಲಾಭ.

ಶೀರ್ಷಿಕೆಯಲ್ಲಿ «ಇಳಕಲ್» ಎಂದು ಧೈರ್ಯವಾಗಿ ಬರೆದದ್ದು ಬಿಲ್ಲಿನಲ್ಲಿ ಆ ಮಾತು ಇದ್ದುದರಿಂದ. ಇಳಕಲ್ ಸೀರೆಗೆ ಭೌಗೋಳಿಕ ಗುರುತು ಇದೆ. ಬೇರೆ ಊರಿನಲ್ಲಿ ಪಾಲಿಯೆಸ್ಟರ್ ಮೇಲೆ ಅದೇ ನಮೂನೆ ತೆಗೆದ ಸೀರೆಯನ್ನು ಇಳಕಲ್ ಎಂದು ಮಾರಿದರೆ 1999ರ ಭೌಗೋಳಿಕ ಗುರುತುಗಳ ಕಾಯ್ದೆಯಡಿ ತೊಂದರೆಗೆ ಸಿಕ್ಕುತ್ತೀರಿ. ನಿಮ್ಮ 140ರಲ್ಲಿ ಅಂಥವೂ ಇರಬಹುದು. ಅವುಗಳ ಶೀರ್ಷಿಕೆಯಿಂದ ಊರಿನ ಹೆಸರನ್ನು ತೆಗೆದು, ಕಣ್ಣಿಗೆ ಕಾಣುವುದನ್ನು ಬರೆಯಿರಿ: «ಪಾಲಿಯೆಸ್ಟರ್ ಸೀರೆ, ಕೆಂಪು ಸೆರಗು, ತೆನೆ ನಮೂನೆ». «ಇಳಕಲ್ ಸ್ಟೈಲ್» ಎಂಬ ಅಡ್ಡದಾರಿಯನ್ನೂ ಹಿಡಿಯಬೇಡಿ. ಕಸೂತಿಯದೂ ಇದೇ ಕಥೆ. ಕೈ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಹಿಂದೆ-ಮುಂದೆ ಒಂದೇ ರೀತಿ ಕಾಣುತ್ತವೆ, ಗಂಟು ಇರುವುದಿಲ್ಲ. ತಿರುವಿದಾಗ ಬಿಳಿ ಬಾಬಿನ್ ದಾರ ಕಂಡರೆ ಅದು ಮಷಿನ್ ಕೆಲಸ, ಹಾಗೆಂದೇ ಬರೆಯಿರಿ.

ಅನನ್ಯವಾಗಿರಲಿ ಎಂದು ಬದಲಿಸಬಾರದ ಸಂಗತಿಗಳೂ ಇವೆ. ತಯಾರಕರ ಹೆಸರು-ವಿಳಾಸ, ಯಾವ ದೇಶದ ಉತ್ಪನ್ನ, ಗರಿಷ್ಠ ಮಾರಾಟ ಬೆಲೆ ಇವು ಎಲ್ಲರ ಪುಟದಲ್ಲೂ ಒಂದೇ ಇರುತ್ತವೆ, ಇರಬೇಕು. ನಿಮ್ಮ ರಿಟರ್ನ್ ನಿಯಮದ ನಾಲ್ಕು ಸಾಲು 140 ಪುಟದಲ್ಲೂ ಒಂದೇ ಇದ್ದರೆ ಅದರಿಂದಲೂ ಕೇಡಿಲ್ಲ.

140ನ್ನೂ ಬರೆಯಲು ಆಗುತ್ತದೆಯೇ ಎಂದು ಕೇಳಿದ್ದೀರಿ. ಒಂದೇ ತಿಂಗಳಲ್ಲಿ ಆಗದು, ಆಗಬೇಕಾಗಿಯೂ ಇಲ್ಲ. ಮೊದಲು ಪಟ್ಟಿ ಮಾಡಿ. ಅವುಗಳಲ್ಲಿ ಬಹಳಷ್ಟು ಒಂದೇ ನೂಲು, ಒಂದೇ ದಡಿ, ಬಣ್ಣ ಮಾತ್ರ ಬೇರೆ ಇರುತ್ತವೆ. ಹಸಿರಿಗೊಂದು, ದಾಳಿಂಬೆ ಕೆಂಪಿಗೊಂದು ಪುಟ ಮಾಡಿದರೆ ನಿಮ್ಮ ಸೈಟಿನೊಳಗೇ ನೀವು ನಿಮ್ಮದನ್ನೇ ಕಾಪಿ ಮಾಡಿದ ಹಾಗಾಯಿತು. ಅವನ್ನು ಒಂದೇ ಪುಟದಲ್ಲಿ ಸೇರಿಸಿ, ಬಣ್ಣ ಆರಿಸುವ ಬಟನ್ ಕೊಡಿ. 140 ಬಹುಶಃ 40-50ಕ್ಕೆ ಇಳಿಯುತ್ತದೆ. ಅವುಗಳಲ್ಲಿ ಹೆಚ್ಚು ವಿಚಾರಣೆ ಬರುವ ಇಪ್ಪತ್ತನ್ನು ಮೊದಲು ಬರೆಯಿರಿ. ಮೊದಲ ಸೀರೆಗೆ ಒಂದು ಗಂಟೆ ಹಿಡಿಯಬಹುದು, ಹತ್ತನೆಯದಕ್ಕೆ ಕೈ ಪಳಗಿರುತ್ತದೆ. ಒಂದೇ ಒಂದು ಪೀಸ್ ಉಳಿದಿರುವ, ಮತ್ತೆ ತರಿಸದ ಸೀರೆಗೆ ಈ ಶ್ರಮ ಬೇಡ.

ಬರೆದ ಮೇಲೆ ಪರೀಕ್ಷಿಸುವುದು ಹೀಗೆ. ನಿಮ್ಮ ವಿವರಣೆಯ ನಡುವಿನಿಂದ ಎಂಟು-ಹತ್ತು ಶಬ್ದಗಳ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ನಿಮ್ಮ ಹಳೆಯ ಬರಹಕ್ಕೂ ಒಮ್ಮೆ ಹೀಗೆ ಮಾಡಿ ನೋಡಿ, ಎಷ್ಟು ಕಡೆ ಹರಡಿದೆ ಎಂದು ತಿಳಿಯುತ್ತದೆ. ಹೊಸದು ನಿಮ್ಮಲ್ಲಿ ಮಾತ್ರ ಸಿಗಬೇಕು. ಆಮೇಲೆ ಸೈಟ್ ನಡೆಸುವವರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಆ ಪುಟದ ವಿಳಾಸ ಹಾಕಿ `Request indexing` ಒತ್ತಿ. ಅಲ್ಲೇ ಪುಟಗಳ ವರದಿಯಲ್ಲಿ `Duplicate, Google chose different canonical than user` ಎಂಬ ಸಾಲಿನ ಕೆಳಗೆ ನಿಮ್ಮ ಪುಟಗಳಿದ್ದರೆ, ಗೂಗಲ್ ಅವನ್ನು ಇನ್ನೂ ಬೇರೆ ಯಾವುದರದೋ ನಕಲು ಎಂದೇ ಎಣಿಸುತ್ತಿದೆ ಎಂದರ್ಥ. ಬದಲಾವಣೆ ಕಾಣಲು ಕೆಲವು ದಿನಗಳಿಂದ ಕೆಲವು ವಾರಗಳು ಬೇಕು. ಆ ನಡುವೆ ಮತ್ತೆ ಮತ್ತೆ ತಿದ್ದುತ್ತಾ ಕೂರಬೇಡಿ. ಬರೀ ಇಳಕಲ್ ಸೀರೆ ಎಂದು ಹುಡುಕಿದವರಿಗೆ ನೀವು ಮೊದಲಿಗೆ ಸಿಗುವುದು ಕಷ್ಟ, ಆ ಜಾಗ ದೊಡ್ಡ ಅಂಗಡಿಗಳದು. ಗೋಮಿ ದಡಿ, ಟೋಪು ತೆನೆ, ಬ್ಲೌಸ್ ಪೀಸ್ ಇರುವುದು ಎಂದೆಲ್ಲ ಬಿಡಿಸಿ ಹುಡುಕುವವರಿಗೆ ಸಿಗುವಿರಿ.

ಈ ವಿವರಣೆಯನ್ನೇ ದೊಡ್ಡ ಮಾರಾಟ ತಾಣಗಳಲ್ಲೂ ಹಾಕಬೇಡಿ. ಹಾಕಿದರೆ ಗೂಗಲ್ ಅವರ ಪುಟವನ್ನೇ ಆರಿಸಿ, ನಿಮ್ಮದನ್ನು ನಕಲು ಎಂದು ಸರಿಸುತ್ತದೆ. ಅಲ್ಲಿಗೆ ಅಳತೆ, ನೂಲು, ಬಣ್ಣ ಇಷ್ಟನ್ನೇ ಚಿಕ್ಕದಾಗಿ ಬರೆಯಿರಿ, ಪೂರ್ತಿಯದು ನಿಮ್ಮ ಸೈಟಿನಲ್ಲಿರಲಿ. ಫೋಟೋದ ಮಾತೂ ಅಷ್ಟೇ. ಬರಹ ನಿಮ್ಮದಾಗಿ ಫೋಟೋ ಮಾತ್ರ ಸಪ್ಲೈಯರ್‌ನದೇ ಇದ್ದರೆ, ಗಿರಾಕಿ ಗೂಗಲ್ ಲೆನ್ಸ್‌ಗೆ ಹಾಕಿ ಐವತ್ತು ರೂಪಾಯಿ ಕಡಿಮೆಗೆ ಕೊಡುವವನನ್ನು ಹುಡುಕಿಕೊಳ್ಳುತ್ತಾಳೆ. ನಾಲ್ಕು ಫೋಟೋ ಸಾಕು: ಪೂರ್ತಿ ಸೆರಗು, ಟೇಪು ಇಟ್ಟ ದಡಿ, ಬ್ಲೌಸ್ ಪೀಸ್, ತಿರುವಿದ ಕೊಂಡಿಯ ಗೆರೆ. ಸಪ್ಲೈಯರ್ ಫೋಟೋ ಬಳಸಲೇಬೇಕಾದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಏಕೆಂದರೆ ಫೋಟೋಗೂ ಬರಹಕ್ಕೂ 1957ರ ಕೃತಿಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ. ನಾಳೆ ನಿಮ್ಮದನ್ನು ಬೇರೆಯವರು ಎತ್ತಿಕೊಂಡರೆ ಅದೇ ಕಾಯ್ದೆ ನಿಮ್ಮ ಬೆನ್ನಿಗಿದೆ.

ಇನ್ನೊಂದು ಎಚ್ಚರಿಕೆ. ಅಳತೆ ಹಾಕಿ ಬರೆದ ವಿವರಣೆ ಆ ಲಾಟಿಗೆ ಮಾತ್ರ ಸತ್ಯ. ಮುಂದಿನ ಸಲ ಅದೇ ಹೆಸರಿನಲ್ಲಿ ಬಂದ ಮಾಲಿನ ಸೆರಗು 55 ಸೆಂಟಿಮೀಟರ್ ಇರಬಹುದು, ಹೊಕ್ಕು ಪಾಲಿಯೆಸ್ಟರ್ ಆಗಿರಬಹುದು. ಒಂದು ನೋಟ್‌ಬುಕ್ ಇಡಿ. ಮಾಲು ಬಂದ ತಾರೀಖು, ಉದ್ದ, ತೂಕ, ಸುಟ್ಟ ಎಳೆಯ ಫಲಿತಾಂಶ ಬರೆದಿಡಿ. ಪ್ರತಿ ಹೊಸ ಲಾಟಿನಿಂದ ಒಂದು ಸೀರೆ ಬಿಚ್ಚಿ ಹಳೆಯದರ ಜೊತೆ ತಾಳೆ ನೋಡಿ. ತೂಕದಲ್ಲಿ ಮೂವತ್ತು-ನಲವತ್ತು ಗ್ರಾಂ ಫರಕು ಕಂಡರೆ ನೂಲು ಬದಲಾಗಿದೆಯೇನೋ ಎಂದು ಅನುಮಾನಿಸಿ ಮತ್ತೆ ಸುಟ್ಟು ನೋಡಿ, ಆಮೇಲೆ ಪುಟ ತಿದ್ದಿ.

ಸೀರೆಯನ್ನು ನಾಳೆ ಕೊರಿಯರ್‌ಗೆ ಹಾಕುತ್ತೇನೆ. ಒಡಲಿನ ತುದಿ, ಸೆರಗು, ಜರಿ ಮೂರೂ ಕಡೆಯಿಂದ ಎಳೆ ಕಿತ್ತಿದ್ದೇನೆ, ಸೆರಗಿನ ಒಂದು ಮೂಲೆಗೆ ನೀರು ತಾಗಿದೆ. ಅದನ್ನು ಮಾರಬೇಡಿ. ಮುಂದಿನ ಲಾಟು ಬಂದಾಗ ಪಕ್ಕದಲ್ಲಿಟ್ಟು ನೋಡಲು ಮನೆಯಲ್ಲೇ ಇರಲಿ.